ಮಳೆಗಾಲದ ಕಾರ್ ಕ್ಯಾಂಪ್: ಯಾವುದು ಉಚಿತ, ಯಾವುದಕ್ಕೆ ದುಡ್ಡು ಅಂತ ನೋಟಿಸಿನಲ್ಲಿ ಬರೆಯುವುದು ಹೇಗೆ?

ಪ್ರಶ್ನೆ: ಸಾಗರದ ಹತ್ತಿರ ನನ್ನದೊಂದು ಚಿಕ್ಕ ಗ್ಯಾರೇಜ್ ಇದೆ ಸರ್. ಒಂದು ಲಿಫ್ಟ್, ಇಬ್ಬರು ಹುಡುಗರು. ಹೋದ ವರ್ಷ ಮೇ ತಿಂಗಳಲ್ಲಿ ‘ಉಚಿತ ಮಳೆಗಾಲದ ಸರ್ವಿಸ್ ಕ್ಯಾಂಪ್, 50 ಪಾಯಿಂಟ್ ಚೆಕಪ್’ ಅಂತ ಬ್ಯಾನರ್ ಹಾಕಿದ್ದೆ. ಜನ ತುಂಬ ಬಂದರು. ಆದರೆ ಬಿಲ್ ಕೊಟ್ಟಾಗ ‘ಫ್ರೀ ಅಂದಿದ್ರಲ್ಲ’ ಅಂತ ಜಗಳ. ಈ ಸಲ ಮೂರು ದಿನ ಮಾಡಬೇಕು ಅಂತಿದ್ದೇನೆ. ಏನು ಚೆಕ್ ಮಾಡುತ್ತೇವೆ, ಏನು ಫ್ರೀ, ಯಾವುದಕ್ಕೆ ದುಡ್ಡು ಅಂತ ನೋಟಿಸಿನಲ್ಲಿ ಹೇಗೆ ಬರೆಯಲಿ? ಎಲ್ಲಾ ಬರೆದರೆ ಜನ ಬರುವುದೇ ಇಲ್ಲ ಅನ್ನುವ ಭಯವೂ ಇದೆ.

ಉತ್ತರ:

ಬರುತ್ತಾರೆ, ಭಯ ಬೇಡ. ಹೋದ ವರ್ಷಕ್ಕಿಂತ ಕಡಿಮೆ ಜನ ಬರಬಹುದು. ಆದರೆ ಬಂದವರಿಗೆ ತಾವು ಯಾಕೆ ಬಂದೆವು ಅಂತ ಗೊತ್ತಿರುತ್ತದೆ. ಒಂದು ಲಿಫ್ಟ್ ಇರುವ ಗ್ಯಾರೇಜಿಗೆ ಬೇಕಾಗಿರುವುದೂ ಅಷ್ಟೇ.

ಜಗಳಕ್ಕೆ ಕಾರಣ ನಿಮ್ಮ ಬ್ಯಾನರೇ. ಸರ್ವಿಸ್ ಅಂದರೆ ಕಾರು ಇಟ್ಟುಕೊಂಡವರ ಲೆಕ್ಕದಲ್ಲಿ ಆಯಿಲ್ ಬದಲಾಯಿಸುವುದು, ಫಿಲ್ಟರ್ ಹಾಕುವುದು, ತೊಳೆದು ಕೊಡುವುದು. ಅದನ್ನು ಉಚಿತ ಅಂದಮೇಲೆ ಅವರು ಅದನ್ನೇ ಕೇಳುತ್ತಾರೆ, ಅಲ್ವಾ? ನಿಮ್ಮ ಮನಸ್ಸಿನಲ್ಲಿ ಇದ್ದದ್ದು ‘ನೋಡಿಕೊಡುತ್ತೇವೆ’ ಅಂತ ಮಾತ್ರ. ಆದ್ದರಿಂದ ಈ ಸಲ ಬ್ಯಾನರಿನ ಮೇಲೆ ‘ಮಳೆಗಾಲದ ಮುಂಚಿನ ಉಚಿತ ತಪಾಸಣೆ’ ಅಂತ ಹಾಕಿ. ಅದರ ಕೆಳಗೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ‘ಪಾರ್ಟ್ಸ್ ಹಾಕಿಸಿದರೆ, ರಿಪೇರಿ ಮಾಡಿಸಿದರೆ ಮಾತ್ರ ಹಣ’ ಅಂತ ಬರೆಸಿ.

ಅಕ್ಷರದ ಗಾತ್ರದ ಮಾತು ಸುಮ್ನೆ ಹೇಳುತ್ತಿಲ್ಲ. ದಾರಿತಪ್ಪಿಸುವ ಜಾಹೀರಾತುಗಳನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಗಿರಾಕಿ ದುಡ್ಡು ಕೊಡಬೇಕಾಗಿ ಬರುವುದನ್ನು ಉಚಿತ ಅಂತ ಕರೆಯಬಾರದು ಅಂತ ಅದರಲ್ಲಿದೆ. ಷರತ್ತು ಇದ್ದರೆ ಜಾಹೀರಾತು ಇರುವ ಭಾಷೆಯಲ್ಲೇ, ಅದೇ ಅಕ್ಷರದಲ್ಲಿ ಬರೆಯಬೇಕು. ಮೇಲೆ ಕನ್ನಡದಲ್ಲಿ ‘ಉಚಿತ’ ಅಂತ ದಪ್ಪಗೆ ಹಾಕಿ, ಕೆಳಗೆ ಇಂಗ್ಲಿಷಿನಲ್ಲಿ ಇರುವೆ ಅಕ್ಷರದಲ್ಲಿ ಷರತ್ತು ಹಾಕುವ ಹಾಗಿಲ್ಲ. ಚಿಕ್ಕ ಗ್ಯಾರೇಜಿಗೂ ಇದು ಅನ್ವಯಿಸುತ್ತದೆ.

ನೋಟಿಸು ಬರೆಯುವ ಮೊದಲು ಕೂತು ಒಂದು ಲೆಕ್ಕ ಹಾಕಿ. ದಿನಕ್ಕೆ ಎಷ್ಟು ಕಾರನ್ನು ನಿಜವಾಗಿ ನೋಡಲು ಆಗುತ್ತದೆ? ಮುಂದಿನ ಎರಡು ಚಕ್ರ ಬಿಚ್ಚಿ, ಕಾರನ್ನು ಲಿಫ್ಟಿಗೆ ಹಾಕಿ, ನೀರು ಹಾಕಿ ನೋಡಿ, ಕಾರ್ಡು ಬರೆದು ಮುಗಿಸಲು ಒಬ್ಬ ಹುಡುಗನಿಗೆ ಮುಕ್ಕಾಲು ಗಂಟೆ ಬೇಕು. ಇಬ್ಬರು ತಲಾ ಎಂಟು ಗಂಟೆ ಅಂದರೆ ದಿನಕ್ಕೆ 16 ಗಂಟೆ. ಹತ್ತು ಕಾರಿಗೆ ಏಳೂವರೆ ಗಂಟೆ ಹೋಗುತ್ತದೆ. ಉಳಿದ ಎಂಟೂವರೆ ಗಂಟೆಯಲ್ಲಿ ಪ್ಯಾಡ್ ಹಾಕುವುದು, ವೈಪರ್ ಹಾಕುವುದು, ಮಾಮೂಲಿ ಗಿರಾಕಿಗಳ ಕೆಲಸ. ಹಾಗಾಗಿ ದಿನಕ್ಕೆ ಹತ್ತು, ಮೂರು ದಿನಕ್ಕೆ ಮೂವತ್ತು ಕಾರು. ಇಷ್ಟು ಅಂತ ನೋಟಿಸಿನಲ್ಲೇ ಬರೆದುಬಿಡಿ. ಫೋನ್ ಮಾಡಿ ಸಮಯ ತೆಗೆದುಕೊಳ್ಳಲಿ. ನಲವತ್ತು ಕಾರು ಒಂದೇ ದಿನ ಬಂದು ನಿಂತರೆ ಹುಡುಗರು ನೋಡದೆಯೇ ಟಿಕ್ ಹಾಕುತ್ತಾರೆ. 50 ಪಾಯಿಂಟ್ ಅನ್ನುವ ಚೆಕಪ್‌ಗಳು ಬಹಳ ಕಡೆ ಹೀಗೆಯೇ ಸುಳ್ಳಾಗುವುದು.

ದಿನಾಂಕದ ವಿಷಯ. ರೋಹಿಣಿ ಮಳೆ ಮೇ 25ರ ಹೊತ್ತಿಗೆ ಹುಟ್ಟುತ್ತದೆ. ಮೃಗಶಿರ ಜೂನ್ 7-8ಕ್ಕೆ. ನಿಮ್ಮ ಕಡೆ ಮೃಗಶಿರ ಹಿಡಿಯಿತು ಅಂದರೆ ಮತ್ತೆ ಕಾರಿನ ಕೆಳಗೆ ಒಣಗಿದ ಜಾಗ ಸಿಗುವುದಿಲ್ಲ. ಮೇ ಮಧ್ಯದಲ್ಲಿ ಕ್ಯಾಂಪ್ ಇಟ್ಟುಕೊಳ್ಳಿ. ಶಿವಮೊಗ್ಗದಿಂದ ಪಾರ್ಟು ತರಿಸಬೇಕಾದರೆ ಅದಕ್ಕೆ ಹತ್ತು ದಿನ ಸಿಗುತ್ತದೆ. ಇನ್ನೂ ತಡ ಮಾಡಿದರೆ ಶಾಲೆ ಶುರುವಾಗಿ ಫೀಸು, ಪುಸ್ತಕ, ಯೂನಿಫಾರ್ಮ್ ಅಂತ ಎಲ್ಲರ ಕೈ ಖಾಲಿ. ಟೈರು ಬದಲಾಯಿಸಬೇಕಾದವರೂ ಮುಂದೂಡುತ್ತಾರೆ.

ಈಗ ಏನೇನು ನೋಡಬೇಕು ಅನ್ನುವುದಕ್ಕೆ ಬರೋಣ. ಮಳೆಗೆ ಸಂಬಂಧ ಪಟ್ಟಿದ್ದನ್ನು ಮಾತ್ರ ಇಟ್ಟುಕೊಳ್ಳಿ. ಐವತ್ತು ಬೇಡ, ಏಳೆಂಟು ಸಾಕು. ಆದರೆ ಒಂದೊಂದನ್ನೂ ಸರಿಯಾಗಿ ನೋಡಬೇಕು.

ಮೊದಲನೆಯದು ನೀರು ಹೊರಗೆ ಹೋಗುವ ದಾರಿ. ಇದು ಬಹಳ ಪಟ್ಟಿಗಳಲ್ಲಿ ಇರುವುದೇ ಇಲ್ಲ, ಯಾಕೆಂದರೆ ಇದರಲ್ಲಿ ಮಾರಲು ಏನೂ ಇಲ್ಲ. ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಕೂತಿರುವ ಕಡೆ ಕಪ್ಪು ಪ್ಲಾಸ್ಟಿಕ್ ಜಾಲರಿ ಇರುತ್ತದೆ. ಗಾಜಿನ ಮೇಲೆ ಬಿದ್ದ ನೀರೆಲ್ಲ ಅದರ ಕೆಳಗಿನ ತೊಟ್ಟಿಗೆ ಇಳಿದು, ಎರಡೂ ತುದಿಯ ತೂತುಗಳಿಂದ ಹೊರಗೆ ಹೋಗಬೇಕು. ನಿಮ್ಮ ಊರಲ್ಲಿ ಕಾರು ನಿಲ್ಲುವುದು ಮಾವು, ಹಲಸಿನ ಮರದ ಕೆಳಗೆ. ಬೇಸಿಗೆಯಲ್ಲಿ ಬಿದ್ದ ಮಾವಿನ ಹೂವು, ಒಣಎಲೆ ಎಲ್ಲಾ ಜಾಲರಿಯೊಳಗೆ ಇಳಿದು, ಮೊದಲ ಮಳೆಗೆ ನೆನೆದು, ಗೊಬ್ಬರದ ಹಾಗೆ ಕೊಳೆತು ತೂತಿಗೆ ಅಂಟಿಕೊಳ್ಳುತ್ತದೆ. ಆಮೇಲೆ ತೊಟ್ಟಿ ತುಂಬುತ್ತದೆ. ಎಸಿ ಬ್ಲೋವರ್ ಗಾಳಿ ಎಳೆದುಕೊಳ್ಳುವ ಬಾಯಿ ಅಲ್ಲೇ ಇರುವುದರಿಂದ ನೀರು ಅದರೊಳಗೆ ನುಗ್ಗಿ, ಡ್ಯಾಶ್‌ಬೋರ್ಡ್ ಕೆಳಗೆ ಇಳಿದು ಕಾರ್ಪೆಟ್ ನೆನೆಸುತ್ತದೆ. ಬ್ಲೋವರ್ ಮೋಟಾರ್ ಸುಡುತ್ತದೆ. ಅಲ್ಲೇ ವೈರಿಂಗ್ ಕಪ್ಲರ್, ಕೆಲವು ಕಾರುಗಳಲ್ಲಿ ಫ್ಯೂಸ್ ಬಾಕ್ಸೂ ಇರುತ್ತದೆ. ಅದಕ್ಕೆ ನೀರು ತಾಗಿದರೆ ಬಿಲ್ಲು ಸಾವಿರಗಳಲ್ಲಿ ಮುಗಿಯುವುದಿಲ್ಲ.

ಪರೀಕ್ಷೆ ಸುಲಭ. ಗಾಜಿನ ಒಂದು ಮೂಲೆಗೆ ಒಂದು ಲೀಟರ್ ನೀರು ನಿಧಾನ ಸುರಿಯಿರಿ. ಇನ್ನೊಬ್ಬ ಹುಡುಗ ಮುಂದಿನ ಚಕ್ರದ ಹಿಂಭಾಗದಲ್ಲಿ ಬಗ್ಗಿ ನೋಡಲಿ. ಸುರಿದ ತಕ್ಷಣ ಧಾರೆಯಾಗಿ ಕೆಳಗೆ ಬಂದರೆ ಸರಿ. ತೊಟ್ಟಿಕ್ಕಿದರೆ, ತಡವಾಗಿ ಬಂದರೆ ಕಟ್ಟಿದೆ ಅಂತ ಅರ್ಥ. ಇನ್ನೊಂದು ಮೂಲೆಗೂ ಹಾಗೇ ಮಾಡಿ. ಬಾಗಿಲುಗಳ ಕೆಳಅಂಚಿನಲ್ಲೂ ಸಣ್ಣ ಸೀಳು ತೂತುಗಳಿರುತ್ತವೆ. ಬಾಗಿಲು ಅಲ್ಲಾಡಿಸಿದಾಗ ಒಳಗೆ ನೀರು ಕುಲುಕಿದ ಸದ್ದು ಬಂದರೆ ಅವು ಮುಚ್ಚಿವೆ. ತೆಳ್ಳಗಿನ ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಿ. ಸನ್‌ರೂಫ್ ಇರುವ ಕಾರಿನಲ್ಲಿ ಅದರ ಮೂಲೆಯ ಪೈಪುಗಳನ್ನೂ ನೋಡಿ, ಆದರೆ ಕಂಪ್ರೆಸರ್ ಗಾಳಿ ಜೋರಾಗಿ ಹೊಡೆಯಬೇಡಿ. ಪೈಪ್ ಒಳಗೇ ಕಳಚಿಕೊಂಡರೆ ಛಾವಣಿ ಬಿಚ್ಚಬೇಕಾಗುತ್ತದೆ. ಎಸಿ ಹತ್ತು ನಿಮಿಷ ಓಡಿಸಿ, ಕಾರಿನ ಕೆಳಗೆ ನೀರು ತೊಟ್ಟಿಕ್ಕುತ್ತಿದೆಯಾ ನೋಡಿ. ಮಳೆಯಲ್ಲಿ ಗಾಜಿನ ಒಳಗಿನ ಮಂಜು ಹೋಗಿಸುವುದು ಎಸಿಯೇ, ಆದ್ದರಿಂದ ಅದು ಕೆಲಸ ಮಾಡುತ್ತಿದೆಯಾ ಅನ್ನುವುದೂ ಇದರಲ್ಲೇ ಗೊತ್ತಾಗುತ್ತದೆ. ಈ ಕ್ಲೀನಿಂಗ್ ಪೂರ್ತಿ ಉಚಿತ ಕೊಡಿ. ನಿಮಗೆ ಹೋಗುವುದು ಹತ್ತು ಹದಿನೈದು ನಿಮಿಷ. ತೊಟ್ಟಿಯಿಂದ ತೆಗೆದ ಕಸವನ್ನು ಹಾಳೆಯ ಮೇಲೆ ಹಾಕಿ ತೋರಿಸಿ.

ಎರಡನೆಯದು ವೈಪರ್. ಇಲ್ಲಿ ಬೇಡದ ಬ್ಲೇಡು ಮಾರಾಟ ಆಗುವುದು ಜಾಸ್ತಿ. ವೈಪರ್ ‘ಕಿರ್ರ್’ ಅಂದ ತಕ್ಷಣ ‘ಬದಲಾಯಿಸಿ ಸರ್’ ಅನ್ನುತ್ತಾರೆ. ಎಷ್ಟೋ ಸಲ ತಪ್ಪು ಬ್ಲೇಡಿನದಲ್ಲ, ಗಾಜಿನ ಮೇಲೆ ಕೂತ ಹೊಗೆ, ಎಣ್ಣೆ, ಪಾಲಿಶ್ ಪಸೆಯದು. ಮೊದಲು ಗಾಜನ್ನು ಸೋಪಿನ ನೀರಲ್ಲಿ ಚೆನ್ನಾಗಿ ಉಜ್ಜಿ ತೊಳೆಯಿರಿ. ಬ್ಲೇಡಿನ ರಬ್ಬರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಆಮೇಲೆ ನೀರು ಹಾಕಿ ವೈಪರ್ ಓಡಿಸಿ. ಈಗಲೂ ಗೆರೆ ಬಿಟ್ಟರೆ, ಒಂದು ಪಟ್ಟಿ ಒರೆಸದೇ ಉಳಿದರೆ, ಕುಪ್ಪಳಿಸಿದರೆ, ಆಗ ರಬ್ಬರ್ ಬಿಸಿಲಿಗೆ ಗಟ್ಟಿಯಾಗಿದೆ. ಬೆರಳಲ್ಲಿ ಬಗ್ಗಿಸಿದರೆ ಬಿರುಕು ಕಾಣುತ್ತದೆ. ಬ್ಲೇಡಿಗೆ ದುಡ್ಡು ತೆಗೆದುಕೊಳ್ಳಿ, ಹಾಕಿ ಕೊಡುವುದಕ್ಕೆ ಬೇಡ. ಎರಡು ನಿಮಿಷದ ಕೆಲಸಕ್ಕೆ ಲೇಬರ್ ಹಾಕಿದರೆ ಬಿಲ್ಲಿನ ಮೇಲೆ ಗಿರಾಕಿಯ ಕಣ್ಣು ಅಲ್ಲೇ ನಿಲ್ಲುತ್ತದೆ.

ಟೈರಿನದು ಹೆಚ್ಚು ಹೇಳಬೇಕಾಗಿಲ್ಲ. ಕಾರಿನ ಟೈರಿಗೆ ಕಾನೂನಿನ ಕನಿಷ್ಠ ಗುಂಡಿ ಆಳ 1.6 ಮಿಲಿಮೀಟರ್. ಗುಂಡಿಯೊಳಗೆ ಅಡ್ಡಕ್ಕೆ ಇರುವ ಸಣ್ಣ ದಿಬ್ಬಕ್ಕೆ ಟೈರು ಸಮ ಆಯಿತು ಅಂದರೆ ಅದೇ ಮಿತಿ. ಆದರೆ ನೀರು ನಿಂತ ರಸ್ತೆಯಲ್ಲಿ 3 ಮಿಲಿಮೀಟರಿಗಿಂತ ಕಡಿಮೆಯಾದಾಗಲೇ ಹಿಡಿತ ಸಡಿಲವಾಗುತ್ತಾ ಹೋಗುತ್ತದೆ. ಹಾಗಾಗಿ 1.6ಕ್ಕೆ ಬಂದಿದ್ದರೆ ‘ಈಗಲೇ’ ಅಂತ ಬರೆಯಿರಿ. 3ರಿಂದ 1.6ರ ನಡುವೆ ಇದ್ದರೆ ‘ಈ ಮಳೆಗಾಲದಲ್ಲಿ ನಿಧಾನ ಓಡಿಸಿ, ಬೇಗ ಬದಲಾಯಿಸಿ’ ಅಂತ ಬರೆಯಿರಿ. ಎರಡನ್ನೂ ಒಂದೇ ಮಾಡಿ ಹೆದರಿಸಬೇಡಿ. ಟೈರಿನ ಪಕ್ಕದ ನಾಲ್ಕು ಅಂಕಿಯನ್ನೂ ಓದಿ ಹೇಳಿ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾಗಿದ್ದು. ಕಡಿಮೆ ಓಡಿದ ಕಾರುಗಳಲ್ಲಿ ಗುಂಡಿ ಚೆನ್ನಾಗಿದ್ದು ರಬ್ಬರ್ ಮಾತ್ರ ಮುದಿಯಾಗಿರುತ್ತದೆ. ಪಕ್ಕದಲ್ಲಿ ಕೂದಲೆಳೆಯ ಬಿರುಕು ಇದ್ದರೆ ಅದನ್ನು ಕಾರ್ಡಿನಲ್ಲಿ ಬರೆಯಿರಿ. ಗಾಳಿ ಎಷ್ಟಿರಬೇಕು ಅನ್ನುವುದಕ್ಕೆ ಡ್ರೈವರ್ ಬಾಗಿಲಿನ ಕಂಬದ ಸ್ಟಿಕ್ಕರ್ ನೋಡಿ, ಸ್ಟೆಪ್ನಿಗೂ ಹಾಕಿ.

ಬ್ರೇಕಿನ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಿ. ಮುಂದಿನ ಚಕ್ರ ಬಿಚ್ಚದೆ ಪ್ಯಾಡ್ ನೋಡಿದೆ ಅನ್ನಬಾರದು. ಚಕ್ರದ ಸಂದಿಯಿಂದ ಕಾಣುವುದು ಹೊರಗಿನ ಪ್ಯಾಡ್ ಮಾತ್ರ. ಕ್ಯಾಲಿಪರ್ ಪಿನ್ ಜಾಮ್ ಆಗಿದ್ದರೆ ಒಳಗಿನದು ಬೇಗ ಸವೆದಿರುತ್ತದೆ. ಒಳಗಿನ ಪ್ಯಾಡಿನ ಮಸಾಲೆ 3 ಮಿಲಿಮೀಟರಿಗೆ ಬಂದಿದ್ದರೆ ಮಳೆಗಾಲ ಪೂರ್ತಿ ತಾಳುವುದಿಲ್ಲ, ಘಟ್ಟ ಇಳಿಯುವವರಿಗಂತೂ ತಾಳುವುದೇ ಇಲ್ಲ.

ಹಿಂದಿನ ಡ್ರಮ್‌ಗಳ ಕಥೆ ಬೇರೆ. ಅವನ್ನು ಬಿಚ್ಚಿ, ಧೂಳು ತೆಗೆದು, ಶೂ ನೋಡಿ, ಮತ್ತೆ ಜೋಡಿಸಲು ಇನ್ನೂ ಅರ್ಧ ಗಂಟೆ ಬೇಕು. ಮೂವತ್ತು ಕಾರಿಗೆ ಅದು ಆಗುವ ಮಾತಲ್ಲ. ಆದ್ದರಿಂದ ನೋಟಿಸಿನಲ್ಲೇ ‘ಹಿಂದಿನ ಡ್ರಮ್ ಬಿಚ್ಚುವುದಿಲ್ಲ, ಹ್ಯಾಂಡ್‌ಬ್ರೇಕ್ ಪರೀಕ್ಷೆ ಮಾತ್ರ’ ಅಂತ ಬರೆಯಿರಿ. ಯಾವುದನ್ನು ನೋಡುವುದಿಲ್ಲ ಅಂತ ಹೇಳುವ ನೋಟಿಸು ನನ್ನ ಕಣ್ಣಿಗೆ ಬಿದ್ದಿರುವುದು ಬಹಳ ಕಡಿಮೆ. ಆದರೆ ಗಿರಾಕಿಗೆ ಹೆಚ್ಚು ಬೇಕಾಗಿರುವುದು ಅದೇ. ‘ಬ್ರೇಕ್ ಚೆಕ್ ಆಯಿತು’ ಅಂತ ಕಾರ್ಡಿನಲ್ಲಿ ನೋಡಿದವರು ನಾಲ್ಕೂ ಚಕ್ರ ನೋಡಿದ್ದಾರೆ ಅಂತ ನಂಬಿ ಆಗುಂಬೆ ಘಾಟಿ ಇಳಿಯುತ್ತಾರೆ. ಆ ನಂಬಿಕೆಗೆ ನೀವೇ ಜವಾಬ್ದಾರಿ.

ಇನ್ನು ಉಚಿತ ಟಾಪ್ ಅಪ್. ‘ಎಲ್ಲಾ ಆಯಿಲ್ ಟಾಪ್ ಅಪ್ ಫ್ರೀ’ ಅಂತ ಹಾಕುವ ಆಸೆ ಬರುತ್ತದೆ. ವೈಪರ್ ನೀರು ತುಂಬಿಸಿಕೊಡಿ, ಅದಕ್ಕೇನೂ ತೊಂದರೆ ಇಲ್ಲ. ಕೂಲೆಂಟ್ 200 ಮಿಲಿ ತನಕ, ಎಂಜಿನ್ ತಣ್ಣಗಿದ್ದಾಗ, ಕಾರಿಗೆ ಹೊಂದುವ ಜಾತಿಯದು ನಿಮ್ಮಲ್ಲಿ ಇದ್ದರೆ ಹಾಕಿ. ಅದಕ್ಕಿಂತ ಜಾಸ್ತಿ ಕುಡಿಯುತ್ತಿದೆ ಅಂದರೆ ಎಲ್ಲೋ ಸೋರುತ್ತಿದೆ. ಅದನ್ನು ಹುಡುಕಬೇಕು, ಸುಮ್ನೆ ತುಂಬಿಸಬಾರದು.

ಬ್ರೇಕ್ ಆಯಿಲ್ ಮಾತ್ರ ಉಚಿತ ಟಾಪ್ ಅಪ್ ಪಟ್ಟಿಗೆ ಹಾಕಲೇಬೇಡಿ. ಅದು ಇಳಿದಿದೆ ಅಂದರೆ ಪ್ಯಾಡ್ ಸವೆದಿದೆ, ಇಲ್ಲವೇ ಎಲ್ಲೋ ಲೀಕ್ ಇದೆ. ಪ್ಯಾಡ್ ಸವೆದ ಹಾಗೆ ಕ್ಯಾಲಿಪರ್ ಪಿಸ್ಟನ್ ಹೊರಗೆ ಬರುತ್ತದೆ, ಅದರ ಹಿಂದೆ ಆಯಿಲ್ ಹೋಗಿ ತುಂಬಿಕೊಳ್ಳುತ್ತದೆ, ಡಬ್ಬಿಯಲ್ಲಿ ಮಟ್ಟ ಇಳಿಯುತ್ತದೆ. ನೀವು ಮೇಲಿನವರೆಗೆ ತುಂಬಿಸಿಬಿಟ್ಟರೆ ಎಚ್ಚರಿಕೆ ಕೊಡುತ್ತಿದ್ದ ಗುರುತೇ ಅಳಿಸಿಹೋಯಿತು. ಡ್ಯಾಶ್‌ಬೋರ್ಡಿನ ಲೈಟೂ ಹತ್ತುವುದಿಲ್ಲ. ಮುಂದೆ ಹೊಸ ಪ್ಯಾಡ್ ಹಾಕುವಾಗ ಪಿಸ್ಟನ್ ಹಿಂದಕ್ಕೆ ಒತ್ತಿದರೆ ಆಯಿಲ್ ಉಕ್ಕಿ ಪೇಂಟಿನ ಮೇಲೆ ಚೆಲ್ಲುತ್ತದೆ, ಪೇಂಟ್ ಕಿತ್ತುಬರುತ್ತದೆ. ಇನ್ನೊಂದು ಕಾರಣವೂ ಇದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು. ನೀರು ಹೀರಿಕೊಂಡ ಮೇಲೆ ಅದಕ್ಕೆ ಇರುವ ಕನಿಷ್ಠ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಘಟ್ಟದಲ್ಲಿ ಬ್ರೇಕ್ ಕಾದು ಆಯಿಲ್ ಕುದಿದರೆ ಪೆಡಲ್ ಸ್ಪಂಜಿನಂತೆ ಒಳಗೆ ಹೋಗುತ್ತದೆ. ಹಳೆಯದಕ್ಕೆ ಎರಡು ಚಮಚ ಹೊಸದು ಸೇರಿಸಿದರೆ ಇದೇನೂ ಸರಿಹೋಗುವುದಿಲ್ಲ. ತೇವ ಅಳೆಯುವ ಪೆನ್ ಟೆಸ್ಟರ್ ತಂದಿಟ್ಟುಕೊಳ್ಳಿ. ಪರೀಕ್ಷೆ ಉಚಿತ ಮಾಡಿ. ತೇವ ಸುಮಾರು ಶೇಕಡಾ 3 ತೋರಿಸಿದರೆ, ಅಥವಾ ಬದಲಾಯಿಸಿ ಎರಡು ವರ್ಷ ದಾಟಿದ್ದರೆ, ಪೂರ್ತಿ ಬದಲಾಯಿಸುವುದಕ್ಕೆ ಹಣ ಅಂತ ಬರೆಯಿರಿ.

ಬ್ಯಾಟರಿಗೆ ಟರ್ಮಿನಲ್ ಮೇಲಿನ ಬಿಳಿ-ಹಸಿರು ಪುಡಿಯನ್ನು ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಪೆಟ್ರೋಲಿಯಂ ಜೆಲ್ಲಿ ಹಚ್ಚಿಕೊಡಿ. ಇದು ಉಚಿತ. ಆಮೇಲೆ ಮೀಟರ್ ಹಿಡಿಯಿರಿ. ಕಾರು ಸ್ವಲ್ಪ ಹೊತ್ತು ನಿಂತ ಮೇಲೆ 12.4 ವೋಲ್ಟಿನ ಮೇಲಿರಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4 ಬರಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿರಬಹುದು, ಚಾರ್ಜ್ ಮಾಡಿ ಇನ್ನೊಮ್ಮೆ ನೋಡಿ ಹೇಳಿ. ಮಳೆಯಲ್ಲಿ ಲೈಟು, ವೈಪರ್, ಬ್ಲೋವರ್ ಎಲ್ಲಾ ಒಟ್ಟಿಗೆ ಓಡುತ್ತವೆ. ಬೇಸಿಗೆಯಲ್ಲಿ ಹೇಗೋ ನಡೆದ ಬ್ಯಾಟರಿ ಆಗ ಕೈಕೊಡುತ್ತದೆ. ಲೈಟುಗಳಂತೂ ಎಲ್ಲವನ್ನೂ ಹಾಕಿ ನೋಡಿದರೆ ಮುಗಿಯಿತು.

ಈಗ ಅಂಡರ್‌ಬಾಡಿ ಕೋಟಿಂಗ್. ಮಳೆಗಾಲದ ಕ್ಯಾಂಪಿನಲ್ಲಿ ಗ್ಯಾರೇಜುಗಳಿಗೆ ದುಡ್ಡು ಬರುವುದು ಇದರಲ್ಲೇ, ಅದಕ್ಕೇ ಎಲ್ಲರಿಗೂ ಹೇಳುತ್ತಾರೆ. ನನ್ನ ಅಭಿಪ್ರಾಯ ಖಡಾಖಂಡಿತ: ಕ್ಯಾಂಪಿನ ಮೂರು ದಿನ ಇದನ್ನು ಮಾಡಬೇಡಿ. ಕೆಳಭಾಗವನ್ನು ಪ್ರೆಶರ್ ನೀರಲ್ಲಿ ತೊಳೆದು, ಕೆಮ್ಮಣ್ಣು ಪೂರ್ತಿ ತೆಗೆದು, ತುಕ್ಕು ಕೆರೆದು, ಚೆನ್ನಾಗಿ ಒಣಗಿಸಿದ ಮೇಲೆಯೇ ಕೋಟಿಂಗ್ ಹೊಡೆಯಬೇಕು. ಅದಕ್ಕೆ ಕಾರು ಒಂದು ದಿನ ನಿಮ್ಮಲ್ಲೇ ಇರಬೇಕು. ಹಸಿ ಮಣ್ಣಿನ ಮೇಲೆ ಹೊಡೆದರೆ ತೇವ ಒಳಗೇ ಸಿಕ್ಕಿಕೊಂಡು ತುಕ್ಕು ಮೊದಲಿಗಿಂತ ಬೇಗ ತಿನ್ನುತ್ತದೆ, ಮೇಲಿಂದ ಕಾಣುವುದೂ ಇಲ್ಲ. ಅವಸರದಲ್ಲಿ ಹೊಡೆಯುವ ಹುಡುಗರು ಬಾಗಿಲಿನ, ಸಿಲ್ಲಿನ ನೀರು ತೂತುಗಳನ್ನೂ ಮುಚ್ಚಿಬಿಡುತ್ತಾರೆ. ಮೊದಲಿಗೆ ಬಿಡಿಸಿದ್ದನ್ನು ಕೊನೆಗೆ ಮುಚ್ಚಿದ ಹಾಗಾಯಿತು. ಲಿಫ್ಟ್ ಮೇಲಿರುವಾಗ ಕೆಳಭಾಗದ ಎರಡು ಫೋಟೋ ತೆಗೆದು ಗಿರಾಕಿಗೆ ತೋರಿಸಿ. ಕಂಪನಿಯ ಕೋಟಿಂಗ್ ಸರಿಯಾಗಿದ್ದರೆ ‘ಬೇಡ’ ಅಂತ ಬರೆಯಿರಿ. ಎದ್ದಿದ್ದರೆ ಕ್ಯಾಂಪ್ ಮುಗಿದ ಮೇಲೆ ಬೇರೆ ದಿನ ಕೊಡಿ.

ದರದ ವಿಷಯದಲ್ಲಿ ಕೆಲವೇ ಮಾತು. ಪ್ಯಾಕೆಟ್ ಪಾರ್ಟಿಗೆ ಎಂಆರ್‌ಪಿ ಮೀರುವ ಹಾಗಿಲ್ಲ. ಎಂಆರ್‌ಪಿಯಲ್ಲಿ ಎಲ್ಲಾ ತೆರಿಗೆ ಸೇರಿರುತ್ತದೆ, ಅದರ ಮೇಲೆ ಮತ್ತೆ ಜಿಎಸ್‌ಟಿ ಹಾಕಬಾರದು. ಲೇಬರಿಗೆ ಜಿಎಸ್‌ಟಿ ಹಾಕುವವರಾದರೆ ಸೇರಿಸಿದ ದರವನ್ನೇ ನೋಟಿಸಿನಲ್ಲಿ ಬರೆಯಿರಿ. 400 ಅಂತ ಓದಿ ಬಂದವರ ಕೈಗೆ ಶೇಕಡಾ 18 ಸೇರಿಸಿ 472 ಕೊಟ್ಟರೆ, ಆ 72 ರೂಪಾಯಿಗೇ ಜಗಳ ಶುರುವಾಗುವುದು. ಕಂಪನಿ ಪಾರ್ಟಾ, ಬೇರೆ ಬ್ರ್ಯಾಂಡಾ ಅನ್ನುವುದನ್ನು ಮೊದಲೇ ಹೇಳಿ ಎರಡರ ರೇಟನ್ನೂ ತೋರಿಸಿ. ‘ಕನ್ಸ್ಯೂಮಬಲ್ಸ್ 150’ ಅಂತ ಬಿಲ್ಲಿನ ಕೊನೆಗೆ ಒಂದು ಸಾಲು ಇರುತ್ತದಲ್ಲ, ಉಚಿತ ಕ್ಯಾಂಪಿನಲ್ಲಿ ಅದನ್ನು ತೆಗೆದುಹಾಕಿ. ಬಟ್ಟೆ, ಸೋಪು, ಜೆಲ್ಲಿ ನಿಮ್ಮ ಖರ್ಚು.

ಒಂದು ಕಾರನ್ನು ಮೊದಲಿಂದ ಕೊನೆ ತನಕ ನೋಡೋಣ. ರೇಟುಗಳು ಲೆಕ್ಕಕ್ಕೆ ಹಾಕಿದ್ದು, ನಿಮ್ಮ ಅಂಗಡಿಯ ರೇಟು ಹಾಕಿಕೊಳ್ಳಿ. 2018ರ ಸಣ್ಣ ಪೆಟ್ರೋಲ್ ಕಾರು, 62,000 ಕಿಲೋಮೀಟರ್ ಓಡಿದೆ, ತೋಟದ ಮನೆಯಲ್ಲಿ ಹಲಸಿನ ಮರದ ಕೆಳಗೆ ನಿಲ್ಲುತ್ತದೆ. ಗಾಜಿನ ಮೂಲೆಗೆ ನೀರು ಹಾಕಿದರೆ ಎಡಗಡೆ ಬರುತ್ತದೆ, ಬಲಗಡೆ ಬರುವುದಿಲ್ಲ. ಜಾಲರಿ ತೆಗೆದು ಎರಡು ಮುಷ್ಟಿ ಕಸ ತೆಗೆದಿರಿ, ನೀರು ಹರಿಯಿತು. ಗಾಜು ತೊಳೆದ ಮೇಲೂ ಡ್ರೈವರ್ ಕಡೆಯ ವೈಪರ್ ಗೆರೆ ಬಿಡುತ್ತಿದೆ, ಎಡಗಡೆಯದು ಚೆನ್ನಾಗಿದೆ. ಟೈರು ಮುಂದಿನವು 2.5 ಮಿಲಿಮೀಟರ್, ಹಿಂದಿನವು 4. ಮುಂದಿನ ಪ್ಯಾಡ್ ಹೊರಗಿನದು 5, ಒಳಗಿನದು 3 ಮಿಲಿಮೀಟರ್, ಪಿನ್ ಬಿಗಿಯಾಗಿದೆ. ಬ್ರೇಕ್ ಆಯಿಲ್ ಯಾವತ್ತೂ ಬದಲಾಗಿಲ್ಲ, ಪೆನ್ ಶೇಕಡಾ 3ರ ಮೇಲೆ ತೋರಿಸುತ್ತಿದೆ. ಬ್ಯಾಟರಿ 12.5 ವೋಲ್ಟ್, ಸೆಲ್ಫ್ ಹೊಡೆದಾಗ 10.4. ಕೆಳಗಿನ ಕೋಟಿಂಗ್ ಸರಿ ಇದೆ.

ಕಾರ್ಡಿನಲ್ಲಿ ಮೂರು ಭಾಗ ಮಾಡಿ. ‘ಈಗಲೇ ಬೇಕು’ ಅನ್ನುವಲ್ಲಿ ಪ್ಯಾಡ್ ಸೆಟ್ 1,450, ಪಿನ್ ಕ್ಲೀನ್ ಮತ್ತು ಗ್ರೀಸ್ ಸೇರಿ ಹಾಕುವ ಲೇಬರ್ 400, ಬ್ರೇಕ್ ಆಯಿಲ್ 250, ಅದರ ಲೇಬರ್ 350, ಒಂದು ವೈಪರ್ ಬ್ಲೇಡ್ 350. ಒಟ್ಟು 2,800 ರೂಪಾಯಿ. ‘ಗಮನ ಇಡಿ’ ಅನ್ನುವಲ್ಲಿ ಮುಂದಿನ ಎರಡು ಟೈರು. ‘ಸರಿ ಇದೆ’ ಅನ್ನುವಲ್ಲಿ ಬ್ಯಾಟರಿ, ಎಡ ವೈಪರ್, ಲೈಟು, ಕೋಟಿಂಗ್. ಕೆಳಗೆ ‘ಹಿಂದಿನ ಡ್ರಮ್ ಬಿಚ್ಚಿ ನೋಡಿಲ್ಲ’ ಅಂತ ಒಂದು ಸಾಲು. ಈ ಕಾರ್ಡು ಕೊಟ್ಟು, ಗಿರಾಕಿ ಒಪ್ಪಿದ ಮೇಲೆಯೇ ಸ್ಪ್ಯಾನರ್ ಹಿಡಿಯಿರಿ. ಅವರು ‘ಈಗ ಬ್ರೇಕ್ ಮಾಡಿ, ವೈಪರ್ ನಾನೇ ಪೇಟೆಯಲ್ಲಿ ತರುತ್ತೇನೆ’ ಅಂದರೆ ಸರಿ ಅನ್ನಿ, ತಂದ ಬ್ಲೇಡನ್ನೂ ಹಾಕಿಕೊಡಿ. ಏನೂ ಮಾಡಿಸದೆ ಕಾರ್ಡ್ ಹಿಡಿದುಕೊಂಡು ಹೋದರೂ ಹೋಗಲಿ, ತಪಾಸಣೆ ಉಚಿತ ಅಂದಿದ್ದೀರಲ್ಲ. ಬದಲಾಯಿಸಿದ ಹಳೆಯ ಪ್ಯಾಡನ್ನು ಕವರಿನಲ್ಲಿ ಹಾಕಿ ಅವರಿಗೇ ಕೊಡಿ.

ನೋಟಿಸಿನ ಮಾದರಿ ಇಲ್ಲಿದೆ. ಮೇಲೆ ಗ್ಯಾರೇಜಿನ ಹೆಸರು, ಜಾಗ, ಫೋನ್ ನಂಬರ್ ಹಾಕಿಕೊಳ್ಳಿ.

ಮಳೆಗಾಲದ ಮುಂಚಿನ ಕಾರ್ ತಪಾಸಣೆ ಉಚಿತ
ಪಾರ್ಟ್ಸ್ ಹಾಕಿಸಿದರೆ, ರಿಪೇರಿ ಮಾಡಿಸಿದರೆ ಮಾತ್ರ ಹಣ

ಮೇ 15, 16, 17. ಬೆಳಿಗ್ಗೆ 9ರಿಂದ ಸಂಜೆ 6. ದಿನಕ್ಕೆ 10 ಕಾರು ಮಾತ್ರ. ಫೋನ್ ಮಾಡಿ ಸಮಯ ತೆಗೆದುಕೊಂಡು ಬನ್ನಿ. ಒಂದು ಕಾರಿಗೆ ಸುಮಾರು ಮುಕ್ಕಾಲು ಗಂಟೆ ಬೇಕು. ನೀವು ಪಕ್ಕದಲ್ಲೇ ನಿಂತು ನೋಡಬಹುದು.

ಉಚಿತವಾಗಿ ನೋಡುವುದು: ಗಾಜಿನ ಬುಡದ ಮತ್ತು ಬಾಗಿಲಿನ ನೀರಿನ ತೂತುಗಳು, ಎಸಿ ನೀರಿನ ಪೈಪು, ವೈಪರ್, ಐದೂ ಟೈರು, ಮುಂದಿನ ಬ್ರೇಕ್ ಪ್ಯಾಡ್ (ಚಕ್ರ ಬಿಚ್ಚಿ), ಹ್ಯಾಂಡ್‌ಬ್ರೇಕ್, ಬ್ರೇಕ್ ಆಯಿಲಿನ ತೇವ, ಬ್ಯಾಟರಿ, ಎಲ್ಲಾ ಲೈಟು, ಲಿಫ್ಟಿನಲ್ಲಿ ಕೆಳಭಾಗ.

ಉಚಿತವಾಗಿ ಮಾಡಿಕೊಡುವುದು: ನೀರಿನ ತೂತುಗಳ ಕ್ಲೀನಿಂಗ್, ಮುಂದಿನ ಗಾಜು ತೊಳೆಯುವುದು, ವೈಪರ್ ನೀರು ತುಂಬಿಸುವುದು, ಕೂಲೆಂಟ್ 200 ಮಿಲಿ ತನಕ, ಬ್ಯಾಟರಿ ಟರ್ಮಿನಲ್ ಕ್ಲೀನಿಂಗ್, ಟೈರಿಗೆ ಗಾಳಿ, ನಮ್ಮಲ್ಲಿ ಕೊಂಡ ಅಥವಾ ನೀವೇ ತಂದ ವೈಪರ್ ಹಾಕಿಕೊಡುವುದು.

ಹಣ ಕೊಡಬೇಕಾದದ್ದು (ಲೇಬರ್ ದರಕ್ಕೆ ಜಿಎಸ್‌ಟಿ ಸೇರಿದೆ): ವೈಪರ್ ಬ್ಲೇಡ್, ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್, ಬಲ್ಬು, ಬ್ಯಾಟರಿ, ಪ್ಯಾಕೆಟ್ ಮೇಲಿನ ಎಂಆರ್‌ಪಿ ಮೀರುವುದಿಲ್ಲ. ಮುಂದಿನ ಪ್ಯಾಡ್ ಹಾಕುವ ಲೇಬರ್ ₹400. ಬ್ರೇಕ್ ಆಯಿಲ್ ಬದಲಾಯಿಸುವ ಲೇಬರ್ ₹350. ಹಿಂದಿನ ಡ್ರಮ್ ಬಿಚ್ಚಿ ಕ್ಲೀನ್ ಮಾಡಲು ₹500.

ಈ ಕ್ಯಾಂಪಿನಲ್ಲಿ ಇಲ್ಲ: ಎಂಜಿನ್ ಆಯಿಲ್ ಸರ್ವಿಸ್, ಕಾರ್ ವಾಶ್, ವೀಲ್ ಅಲೈನ್‌ಮೆಂಟ್, ಅಂಡರ್‌ಬಾಡಿ ಕೋಟಿಂಗ್. ಉಚಿತ ತಪಾಸಣೆಯಲ್ಲಿ ಹಿಂದಿನ ಡ್ರಮ್ ಬಿಚ್ಚುವುದಿಲ್ಲ. ಟೈರು ನಾವು ಮಾರುವುದಿಲ್ಲ, ಸ್ಥಿತಿ ಮಾತ್ರ ಹೇಳುತ್ತೇವೆ.

ನೀವು ಒಪ್ಪದೆ ಯಾವ ಪಾರ್ಟನ್ನೂ ಬದಲಾಯಿಸುವುದಿಲ್ಲ. ಹಳೆಯ ಪಾರ್ಟು ನಿಮಗೇ ವಾಪಸ್. ತಪಾಸಣೆಯ ಕಾರ್ಡು ಎಲ್ಲರಿಗೂ ಸಿಗುತ್ತದೆ, ಕೆಲಸ ಮಾಡಿಸಲೇಬೇಕು ಅಂತಿಲ್ಲ.

ಕಾರ್ಡಿನ ಹಿಂಭಾಗದಲ್ಲಿ ಒಂದು ಮಾತು ಅಚ್ಚು ಹಾಕಿಸಿ. ನಿಂತ ನೀರಿನಲ್ಲಿ ಎಂಜಿನ್ ಆಫ್ ಆದರೆ ಮತ್ತೆ ಸೆಲ್ಫ್ ಹೊಡೆಯಬೇಡಿ, ತಳ್ಳಿ ಮೇಲೆ ತಂದು ಫೋನ್ ಮಾಡಿ. ಏರ್ ಫಿಲ್ಟರ್ ಮೂಲಕ ಸಿಲಿಂಡರಿಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಒತ್ತಲಾರದು, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಎಂಜಿನ್ ಪ್ರೊಟೆಕ್ಟ್ ಆಡ್‌ಆನ್ ಇಲ್ಲದ ಮಾಮೂಲಿ ವಿಮೆಯಲ್ಲಿ ಇದಕ್ಕೆ ಸಾಮಾನ್ಯವಾಗಿ ದುಡ್ಡು ಬರುವುದಿಲ್ಲ. ವಿಮೆ ಪತ್ರದಲ್ಲಿ ಆ ಆಡ್‌ಆನ್ ಇದೆಯಾ ಅಂತ ಕ್ಯಾಂಪಿನ ದಿನವೇ ಗಿರಾಕಿಗೆ ನೋಡಿಕೊಳ್ಳಲು ಹೇಳಿ.

ಫೋನ್ ತೆಗೆಯುವ ಹುಡುಗನಿಗೂ ನೋಟಿಸನ್ನು ಒಮ್ಮೆ ಓದಿಸಿ. ‘ಸರ್ವಿಸ್ ಫ್ರೀನಾ?’ ಅಂತ ಕೇಳಿದವರಿಗೆ ಅವನು ‘ಹೌದು ಬನ್ನಿ’ ಅಂದುಬಿಟ್ಟರೆ ಬರೆದದ್ದೆಲ್ಲ ವ್ಯರ್ಥ. ‘ನೋಡಿಕೊಡುವುದು ಫ್ರೀ ಸರ್, ಆಯಿಲ್ ಸರ್ವಿಸ್ ಇಲ್ಲ, ಪಾರ್ಟ್ ಹಾಕಿಸಿದರೆ, ರಿಪೇರಿ ಮಾಡಿಸಿದರೆ ಅದರ ದುಡ್ಡು’ ಅನ್ನಲಿ. ನೋಟಿಸು ಮೇ ಮೊದಲ ವಾರಕ್ಕೆ ಹಂಚಿ. ಬುಕಿಂಗ್ ಬರೆದುಕೊಳ್ಳುವಾಗಲೇ ಕಾರಿನ ಮಾಡೆಲ್ ಕೇಳಿಕೊಂಡರೆ, ಯಾವ ಅಳತೆಯ ವೈಪರ್, ಯಾವ ಪ್ಯಾಡ್ ತರಿಸಿಡಬೇಕು ಅಂತ 15ನೇ ತಾರೀಖಿಗೆ ಮುಂಚೆಯೇ ನಿಮಗೆ ಗೊತ್ತಾಗುತ್ತದೆ.